ಹೈಡ್ರಿಲ್ಲಾದ ದ್ಯುತಿಸಂಶ್ಲೇಷಣೆಯ ವೇಗ: ಬೆಳಕು, ತಾಪ ಮತ್ತು ದೂರವನ್ನು ನಿಯಂತ್ರಿಸಿದ ವಿಧಾನ

ದೀಪವನ್ನು ಗಿಡದ ಹತ್ತಿರಕ್ಕೆ ತಂದರೆ ಬೆಳಕು ಹೆಚ್ಚುತ್ತದೆ, ಜೊತೆಗೆ ನೀರೂ ಬಿಸಿಯಾಗುತ್ತದೆ. ಆಗ ದ್ಯುತಿಸಂಶ್ಲೇಷಣೆಯ ವೇಗಕ್ಕೆ ಅಳತೆಯಾಗಿ ಎಣಿಸುವ, ಗಿಡದಿಂದೇಳುವ ಗುಳ್ಳೆಗಳು ಹೆಚ್ಚಿದರೆ ಅದಕ್ಕೆ ಬೆಳಕು ಕಾರಣವೋ ಬಿಸಿ ಕಾರಣವೋ ಹೇಳಲಾಗದು. ಈ ಎರಡನ್ನು ಬೇರ್ಪಡಿಸುವುದೇ ನಮ್ಮ ಪ್ರಾಜೆಕ್ಟಿನ ಕಷ್ಟದ ಭಾಗವಾಗಿತ್ತು. ಗುಳ್ಳೆ ಎಣಿಸುವುದಕ್ಕೆ ತಾಳ್ಮೆಯೊಂದಿದ್ದರೆ ಸಾಕು.

ಹೈಡ್ರಿಲ್ಲಾವನ್ನು ಬದಿಯಡ್ಕ ಸಮೀಪದ ಒಂದು ಮದಕದಿಂದ ತಂದೆವು. ಪ್ರನಾಳವನ್ನು ನಿಲ್ಲಿಸುವ ತೊಟ್ಟಿಗೆ ತುಂಬಲು ಹತ್ತಿರದ ತೋಟದ ಸುರಂಗದ ನೀರನ್ನು ಬಳಸಿದೆವು. ಸುಮಾರು 8 ಸೆಂಟಿಮೀಟರ್ ಉದ್ದದ ಒಂದು ಹಸಿರು ಕುಡಿಯನ್ನು ಹರಿತವಾದ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಕತ್ತರಿಸಿದ ತುದಿ ಮೇಲಕ್ಕೆ ಬರುವಂತೆ ದೊಡ್ಡ ಪ್ರನಾಳದಲ್ಲಿ ಇಟ್ಟೆವು. ಪ್ರನಾಳದಲ್ಲಿ ಇದ್ದದ್ದು ಲೀಟರಿಗೆ 5 ಗ್ರಾಂ ಸೋಡಿಯಂ ಬೈಕಾರ್ಬನೇಟ್ ಕರಗಿಸಿದ ನೀರು. ಇಂಗಾಲದ ಡೈಆಕ್ಸೈಡ್ ಸಾಲದೆ ಹೋದರೆ ಎಷ್ಟು ಬೆಳಕು ಕೊಟ್ಟರೂ ವೇಗ ಏರುವುದಿಲ್ಲ ಎಂಬುದನ್ನು ಸಸ್ಯವಿಜ್ಞಾನಿ ಬ್ಲ್ಯಾಕ್‌ಮನ್ 1905ರಲ್ಲೇ ತೋರಿಸಿದ್ದರು. ಹೈಡ್ರಿಲ್ಲಾದ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ: ಬಿಸಿ ಹೆಚ್ಚಾಗಿ, ಕರಗಿದ ಇಂಗಾಲದ ಡೈಆಕ್ಸೈಡ್ ಕಡಿಮೆಯಾದ ನೀರಿನಲ್ಲಿ ಕೆಲವು ದಿನ ಬೆಳೆದರೆ ಅದು ಕಡಿಮೆ ಇಂಗಾಲದ ಡೈಆಕ್ಸೈಡನ್ನೂ ಚೆನ್ನಾಗಿ ಹಿಡಿಯುವ ಸಿ4 ಬಗೆಯ ಸ್ಥಿರೀಕರಣಕ್ಕೆ ಹೊರಳಬಲ್ಲದು. ಹಾಗಾಗಿ ತಂದ ಗಿಡಗಳನ್ನು ಇಕ್ಕಟ್ಟಾಗಿ ತುಂಬದೆ, ನೆರಳಿನಲ್ಲಿ ಅಗಲವಾದ ಪಾತ್ರೆಯಲ್ಲಿ ಇರಿಸಿದೆವು.

ಬೆಳಕಿಗೆ 9 ವ್ಯಾಟಿನ ಎಲ್‌ಇಡಿ ಬಲ್ಬು ಬಳಸಿದೆವು. ತಂತಿ ಕಾದು ಉರಿಯುವ ಹಳೆಯ ಬಲ್ಬಿನ ಶಕ್ತಿಯ ಬಹುಪಾಲು ಶಾಖವಾಗಿ ಹೋಗುತ್ತದೆ. ವೋಲ್ಟೇಜ್ ಇಳಿದರೆ ಅದು ಮಂಕಾಗುತ್ತದೆ ಕೂಡ. ಸಂಜೆ ವೋಲ್ಟೇಜ್ ಇಳಿಯುವುದು ನಮ್ಮ ಕಡೆ ಹೊಸದೇನಲ್ಲ. ಎಲ್‌ಇಡಿಯೂ ಹಚ್ಚಿದ ಕೂಡಲೇ ಸ್ಥಿರವಾಗಿರುವುದಿಲ್ಲವಾದ್ದರಿಂದ ಹತ್ತು ನಿಮಿಷ ಉರಿಸಿದ ಮೇಲೆಯೇ ಎಣಿಕೆ ಆರಂಭಿಸಿದೆವು. ಕಿಟಕಿಗಳನ್ನು ಮುಚ್ಚಿ, ಮೇಜಿನ ಮೂರು ಬದಿಗೆ ಕಪ್ಪು ಬಟ್ಟೆ ಕಟ್ಟಿದೆವು. ಬಟ್ಟೆ ಕಟ್ಟುವ ಮೊದಲು ಮೊಬೈಲಿನ ಬೆಳಕುಮಾಪಕದಲ್ಲಿ ನೋಡಿದಾಗ, ದೂರ ಇಮ್ಮಡಿಯಾದರೂ ಅಂಕಿ ಕಾಲು ಭಾಗಕ್ಕೆ ಇಳಿದಿರಲಿಲ್ಲ. ಬಿಳಿ ಗೋಡೆ ಬೆಳಕನ್ನು ಮರಳಿಸುತ್ತಿತ್ತು.

ದೂರವನ್ನು ಬಲ್ಬಿನ ಗೋಳದ ನಡುವಿನಿಂದ ಗಿಡದ ಕಾಂಡದವರೆಗೆ ಅಳೆದೆವು, ತೊಟ್ಟಿಯ ಗಾಜಿನವರೆಗಲ್ಲ. ಮೇಜಿಗೆ ಅಂಟಿಸಿದ ಮೀಟರ್ ಪಟ್ಟಿಯ ಮೇಲೆ ಬಲ್ಬಿನ ಸ್ಟ್ಯಾಂಡನ್ನು ಮಾತ್ರ ಸರಿಸಿದೆವು, ಗಿಡ ಕದಲಲಿಲ್ಲ. ಬಲ್ಬು ಮತ್ತು ಗಿಡ ಒಂದೇ ಎತ್ತರದಲ್ಲಿದ್ದವು. ಆಯ್ದ ದೂರಗಳು 15, 20, 30 ಮತ್ತು 40 ಸೆಂಟಿಮೀಟರ್. ವಿಲೋಮ ವರ್ಗ ನಿಯಮದಂತೆ 15 ಸೆಂಟಿಮೀಟರಿನ ಬೆಳಕನ್ನು 100 ಎಂದುಕೊಂಡರೆ ಉಳಿದವು ಕ್ರಮವಾಗಿ 56, 25 ಮತ್ತು 14. ಇನ್ನೂ ಹತ್ತಿರ ಹೋದರೆ ಬಲ್ಬನ್ನು ಒಂದು ಬಿಂದುವೆಂದು ಎಣಿಸುವುದು ಸಲ್ಲದು, ಆಗ ನಿಯಮವೂ ನಿಲ್ಲದು. ದೂರಗಳನ್ನು ಏರಿಕೆಯ ಕ್ರಮದಲ್ಲಿ ತೆಗೆದುಕೊಳ್ಳದೆ 30, 15, 40, 20 ಎಂದು ಕಲಸಿದೆವು, ಕೊನೆಗೆ 30ಕ್ಕೆ ಮರಳಿ ಬಂದೆವು. ಆ ಎರಡು ಎಣಿಕೆಗಳು ಹೊಂದಿದರೆ ನಡುವೆ ಗಿಡ ಸೊರಗಿಲ್ಲ, ಬೈಕಾರ್ಬನೇಟ್ ತೀರಿಲ್ಲ ಎಂದು ನಂಬಬಹುದು.

ತಾಪವನ್ನು 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿದಿಡಲು ಪ್ರನಾಳವನ್ನು ಚೌಕಾಕಾರದ ಗಾಜಿನ ತೊಟ್ಟಿಯ ನೀರಿನಲ್ಲಿ ನಿಲ್ಲಿಸಿದೆವು. ಸಾಮಾನ್ಯವಾಗಿ ಇದಕ್ಕೆ ಬೀಕರ್ ಬಳಸುತ್ತಾರೆ. ಆದರೆ ನೀರು ತುಂಬಿದ ದುಂಡು ಬೀಕರ್ ಮಸೂರದಂತೆ ಬೆಳಕನ್ನು ಒಂದೆಡೆ ಕೂಡಿಸುತ್ತದೆ, ಆಗ ದೂರದ ಲೆಕ್ಕವೆಲ್ಲ ವ್ಯರ್ಥ. ಚಪ್ಪಟೆ ಗಾಜಿಗೆ ಆ ತೊಂದರೆಯಿಲ್ಲ. ಗಿಡದ ಮುಂದಿದ್ದ 5 ಸೆಂಟಿಮೀಟರ್ ನೀರೇ ಶಾಖಕ್ಕೆ ತಡೆಯೂ ಆಯಿತು. ತಾಪಮಾಪಕದ ಬುರುಡೆಯನ್ನು ಪ್ರನಾಳದ ಹಿಂಬದಿಯಲ್ಲಿ, ದೀಪದ ನೇರ ಬೆಳಕು ಬೀಳದ ಕಡೆ ಇರಿಸಿದೆವು. ತಾಪ ಏರತೊಡಗಿದರೆ ಮಣ್ಣಿನ ಮಡಕೆಯಲ್ಲಿ ತಣ್ಣಗಿಟ್ಟ ನೀರನ್ನು ಒಂದು ಲೋಟ ತೊಟ್ಟಿಗೆ ಸುರಿದು, ಅಷ್ಟೇ ನೀರನ್ನು ರಬ್ಬರ್ ಕೊಳವೆಯಿಂದ ಹೊರತೆಗೆದೆವು. ಅರ್ಧ ಡಿಗ್ರಿಗಿಂತ ಹೆಚ್ಚು ಆಚೀಚೆಯಾದಾಗ ಸಿಕ್ಕ ಎಣಿಕೆಯನ್ನು ಕೋಷ್ಟಕಕ್ಕೆ ಸೇರಿಸಲಿಲ್ಲ. ಮಾರ್ಚಿನ ಮಧ್ಯಾಹ್ನ ಇದನ್ನು ಸಾಧಿಸುವುದು ಕಷ್ಟವೆಂದು ಎಲ್ಲ ಎಣಿಕೆಯನ್ನೂ ಬೆಳಗ್ಗೆಯೇ ಮಾಡಿದೆವು.

ಪ್ರತಿ ದೂರದಲ್ಲಿ ಗಿಡ ಹೊಂದಿಕೊಳ್ಳಲು ಐದು ನಿಮಿಷ ಬಿಟ್ಟು, ಎರಡೆರಡು ನಿಮಿಷದ ಮೂರು ಎಣಿಕೆ ಮಾಡಿ ಸರಾಸರಿ ತೆಗೆದೆವು. ಕಾಂಡ ಬದಲಾದರೆ ಗುಳ್ಳೆಯ ಗಾತ್ರ ಬದಲಾಗುತ್ತದೆ; ಆದ್ದರಿಂದ ಒಂದು ಸರಣಿ ಪೂರ್ತಿ ಒಂದೇ ಕುಡಿ.

ಬಿಸಿಯ ಪಾಲನ್ನು ಪ್ರತ್ಯೇಕವಾಗಿಯೂ ಪರೀಕ್ಷಿಸಿದೆವು. ದೀಪ ಆರಿಸಿ, ಬಿಸಿನೀರು ಸೇರಿಸಿ ತೊಟ್ಟಿಯನ್ನು 28ರಿಂದ 32 ಡಿಗ್ರಿಗೆ ಏರಿಸಿದಾಗ ಪ್ರನಾಳದ ಒಳಗೋಡೆಗೆ ಸಣ್ಣ ಗುಳ್ಳೆಗಳು ಅಂಟಿದವು, ಆದರೆ ಕಾಂಡದ ತುದಿಯಿಂದ ಸರಪಳಿಯಂತೆ ಏಳಲಿಲ್ಲ. ನೀರು ಬಿಸಿಯಾದಂತೆ ಅದರಲ್ಲಿ ಕರಗಿರುವ ಗಾಳಿ ಹೊರಬೀಳುತ್ತದೆ. ಗೋಡೆಯ ಗುಳ್ಳೆಗಳು ಅವೇ. ಆದ್ದರಿಂದ ಕಾಂಡದ ತುದಿಯಿಂದ ಎದ್ದವನ್ನು ಮಾತ್ರ ಎಣಿಸಿದೆವು. ಆ ಗುಳ್ಳೆಗಳಲ್ಲೂ ಆಮ್ಲಜನಕದ ಜೊತೆ ಬೇರೆ ಅನಿಲಗಳು ಬೆರೆತಿರುತ್ತವೆ. ಹೀಗಾಗಿ ಮುಂದಿನ ಕೋಷ್ಟಕದ ಶೀರ್ಷಿಕೆಯಲ್ಲಿ ‘ನಿಮಿಷಕ್ಕೆ ಗುಳ್ಳೆಗಳು’ ಎಂದಿದೆ, ಆಮ್ಲಜನಕದ ಪ್ರಮಾಣ ಎಂದಿಲ್ಲ.