ಸೇರಿಗೆ ಹನ್ನೆರಡು ಹಿಡಿ

ಎಳ್ಳ ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ ಅವ್ವ ಫೋನ್ ಮಾಡಿದಳು.

"ರೇಣವ್ವ, ಈ ಸಲ ಶೇಂಗಾ ಹೋಳಿಗಿ ಚಿಗವ್ವ ಮಾಡಿ ತರ್ತಾಳಂತ. ಅಮ್ಮ ಒಲ್ಲೆ ಅಂದ್ಲು."

ನಮ್ಮ ಮನೆಯಲ್ಲಿ ಹೆತ್ತವಳು ಅವ್ವ, ಅಜ್ಜಿ ಅಮ್ಮ. ಅಮ್ಮನಿಗೆ ಎಪ್ಪತ್ತಾರು. ಕುಷ್ಟಗಿ ಹತ್ತಿರದ ನಮ್ಮ ಹೊಲಕ್ಕೆ ಚರಗ ಚೆಲ್ಲಲು ಹೋಗುವ ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳು ಚಟ್ನಿ ಯಾರು ಮಾಡಿದ್ದಾದರೂ ನಡೆಯುತ್ತಿತ್ತು. ಹೋಳಿಗೆ ಮಾತ್ರ ಅಮ್ಮನದೇ ಆಗಬೇಕಿತ್ತು. ಅವಳೇ ಒಲ್ಲೆ ಅಂದಳೆಂದರೆ ನನಗೆ ಎದೆ ಧಸಕ್ ಅಂತು.

"ಯಾಕಂತ ಬೇ?"

ಅವ್ವ ಸ್ವಲ್ಪ ತಡೆದು ಹೇಳಿದಳು. ಹೋದ ವರ್ಷದ ಹೋಳಿಗೆ ಹಂಚಿನ ಮೇಲೆ ಒಡೆದು ಬೆಲ್ಲ ಸೋರಿತ್ತು. ಅದರ ಹಿಂದಿನ ವರ್ಷವೂ ಹಾಗೇ. ತಿಂದವರು ಬಾಯಿ ಕಟ್ಟುವಷ್ಟು ಸಿಹಿ ಅಂದಿದ್ದರು. "ವಯಸ್ಸಾತು, ನಾಲಿಗಿ ರುಚಿ ಹೋತು" ಎಂದು ಚಿಗವ್ವ ಪಡಸಾಲೆಯಲ್ಲಿ ಯಾರಿಗೋ ಹೇಳಿದ್ದು ಅಮ್ಮನ ಕಿವಿಗೆ ಬಿದ್ದಿತ್ತು.

ನಾನು ಬಳ್ಳಾರಿಯ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಸಹಾಯಕಿ. ದಿನವೂ ಹುಡುಗರಿಗೆ ಉಪ್ಪು, ಸೋಡಾ ತೂಗಿ ಕೊಡುವುದೇ ನನ್ನ ಕೆಲಸ. ಎರಡು ದಿನ ರಜೆ ಹಾಕಿದೆ. ಅಡುಗೆಗೆಂದು ಕೊಂಡಿದ್ದ ಸಣ್ಣ ತೂಕದ ಮಷಿನ್ ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಅಮ್ಮ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಾ ಕೂತಿದ್ದಳು. ಹೋಳಿಗೆ ಕಲಿಸು ಎಂದೆ.

"ಅದರಾಗ ಕಲಿಯೂದು ಏನೈತಿ? ಶೇಂಗಾ ಹತ್ತು ಹಿಡಿ. ಬೆಲ್ಲ ಅರ್ಧ ಪೆಂಟಿ. ಎಳ್ಳು ಒಂದು ಹಿಡಿ. ಯಾಲಕ್ಕಿ, ಉಪ್ಪು ಚಿಟಿಕಿ ಚಿಟಿಕಿ. ಮುಗೀತು."

"ನಿನ್ನ ಹಿಡಿ ಎಷ್ಟು ಅಂತ ಬರ್ಕೋತೀನಿ. ಇದರ ಮ್ಯಾಲೆ ಹಾಕು."

ಮಷಿನ್ ನೋಡಿ ಅವಳು ನಗಲಿಲ್ಲ. "ನನ್ನ ಕೈ ನಂಬ್ಬಾರದಂತ ತಂದೀ ಏನು?" ಎಂದಳು. ನನಗೆ ಮಾತು ಹೊರಡಲಿಲ್ಲ. ಆಮೇಲೆ ಅವಳೇ ಎದ್ದು ಒಳಗೆ ಹೋದಳು. ಒಲೆ ಹಚ್ಚಿ ಶೇಂಗಾ ಹುರಿಯತೊಡಗಿದಳು.

ಶೇಂಗಾ ಹುರಿಯುವುದನ್ನು ಅಮ್ಮನ ಕೈಯಲ್ಲೇ ನೋಡಬೇಕು. ಉರಿ ಸಣ್ಣ. ಕೈ ನಿಲ್ಲುವುದೇ ಇಲ್ಲ. ಸಿಪ್ಪೆ ಚಿಟಚಿಟ ಎನ್ನಲು ಶುರುವಾದರೂ ಇಳಿಸುವುದಿಲ್ಲ. ಒಂದು ಕಾಳು ತೆಗೆದು ಉಜ್ಜುತ್ತಾಳೆ. ಸಿಪ್ಪೆ ತಾನಾಗೇ ಬಿಟ್ಟು, ಒಳಗಿನ ಬೇಳೆಯ ಮೇಲೆ ಚುಕ್ಕೆ ಚುಕ್ಕೆ ಕೆಂಪು ಕಂಡರೆ ಆಯಿತು. ಆರಿದ ಮೇಲೆ ತಿಕ್ಕಿ, ಮೊರದಲ್ಲಿ ಕೇರಿದಳು. ಸಿಪ್ಪೆಯೆಲ್ಲ ಅಂಗಳಕ್ಕೆ ಹಾರಿತು, ಬೇಳೆ ಮೊರದಲ್ಲಿ ಉಳಿಯಿತು.

ನಾನು ಮಷಿನ್ ಮೇಲೆ ತಾಟು ಇಟ್ಟು ಸೊನ್ನೆ ಮಾಡಿದೆ. ಮೊದಲ ಹಿಡಿ 41 ಗ್ರಾಂ. ಆಮೇಲೆ 38, 40, 39, 37. ಹತ್ತು ಹಿಡಿ ಸೇರಿ 392. ಎಪ್ಪತ್ತಾರರ ಕೈ ಒಂದೆರಡು ಗ್ರಾಂ ಆಚೀಚೆ ಬಿಟ್ಟರೆ ತಪ್ಪುತ್ತಲೇ ಇರಲಿಲ್ಲ. ಲ್ಯಾಬಿನ ಹುಡುಗರು ಚಮಚ ಹಿಡಿದೂ ಇಷ್ಟು ಸಮ ಹಾಕುವುದಿಲ್ಲ. ಅದನ್ನು ಅವಳಿಗೆ ಹೇಳಿದೆ. "ಹೂಂ" ಎಂದಳು, ಅಷ್ಟೇ.

ಎಳ್ಳು ಒಂದು ಹಿಡಿ 29 ಗ್ರಾಂ. ಬೆಲ್ಲ ಒಂದು ಕಿಲೋದ ಪೆಂಟಿ. ಅದನ್ನು ಗುಂಡುಕಲ್ಲಿನಿಂದ ಒಡೆದು ಒಂದು ಹೋಳು ಕೊಟ್ಟಳು. ತೂಗಿದರೆ 504. ಚಿಟಿಕೆಯದು ಕಷ್ಟವಾಯಿತು. ಒಂದು ಚಿಟಿಕೆ ಉಪ್ಪು ಹಾಕಿದರೆ ಮಷಿನ್ ಅಲುಗಾಡಲೇ ಇಲ್ಲ. ಅದಕ್ಕೆ ಬೇರೆ ಬಟ್ಟಲಿಗೆ ಹತ್ತು ಚಿಟಿಕೆ ಹಾಕಿಸಿದೆ. 6 ಗ್ರಾಂ ಬಂತು. ಅಂದರೆ ಒಂದಕ್ಕೆ ಅರ್ಧ ಗ್ರಾಂಗಿಂತ ತುಸು ಜಾಸ್ತಿ. ಯಾಲಕ್ಕಿ ಪುಡಿಯನ್ನೂ ಹಾಗೇ ಮಾಡಿದೆ. ಅದು ಹತ್ತಕ್ಕೆ 4 ಗ್ರಾಂ.

ಎಲ್ಲ ಬರೆದುಕೊಂಡೆ. ಬರೆದಂತೆಯೇ ಕುಟ್ಟಿ ಹೂರಣ ಮಾಡಿ, ಕಣಕದಲ್ಲಿ ತುಂಬಿ ಲಟ್ಟಿಸಿ ಹಂಚಿಗೆ ಹಾಕಿದೆ.

ಮೊದಲನೆಯದೇ ಒಡೆಯಿತು. ಬೆಲ್ಲ ಕರಗಿ ಹಂಚಿಗೆ ಹತ್ತಿ ಕಪ್ಪಾಯಿತು. ಎರಡನೆಯದೂ ಒಡೆಯಿತು. ಮೂರನೆಯದು ಹೇಗೋ ಉಳಿಯಿತು. ತಿಂದು ನೋಡಿದೆ. ಬೆಲ್ಲ ಬಿಟ್ಟು ಬೇರೆ ರುಚಿಯೇ ಇಲ್ಲ. ಕೊನೆಗೆ ಬರಬೇಕಾದ ಹುರಿದ ಶೇಂಗಾದ ಘಮವೇ ಇರಲಿಲ್ಲ.

ಅಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡಳು. "ಸಿಹಿ ಭಾಳ ಆಗೈತಿ," ಎಂದಳು ಮೆಲ್ಲಗೆ. "ಮೊದಲು ಹಿಂಗ ಇರ್ತಿರಲಿಲ್ಲ. ಅದೇ ಹತ್ತು ಹಿಡಿ, ಅದೇ ಅರ್ಧ ಪೆಂಟಿ. ಏನು ತಪ್ಪತೈತೋ ತಿಳೀವಲ್ದು ನನಗ."

ಆಗ ನನಗೆ ಹೊಳೆದದ್ದು ಒಂದೇ. ಇವಳ ನಾಲಿಗೆ ಸರಿಯಾಗೇ ಇದೆ. ಸಿಹಿ ಜಾಸ್ತಿ ಎಂದು ಅವಳಿಗೆ ಗೊತ್ತಾಗುತ್ತಿದೆ. ತಪ್ಪಿರುವುದು ಬೇರೆ ಎಲ್ಲೋ. ಅದನ್ನು ನಾನು ಒಂದು ಗ್ರಾಂ ಬಿಡದೆ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.

ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಅಡುಗೆಮನೆ ಕಸ ಹೊಡೆಯುವಾಗ ಮಷಿನ್ ಇಟ್ಟಿದ್ದ ಜಾಗದ ಸುತ್ತ ಶೇಂಗಾ ಬೇಳೆ ಬಿದ್ದಿದ್ದು ಕಂಡಿತು. ಹತ್ತಿಪ್ಪತ್ತು ಇರಬಹುದು. ಅಮ್ಮ ಕಾಳು ಚೆಲ್ಲುವವಳಲ್ಲ. ಬೀಜ ಬಿತ್ತುವಾಗಲೂ ಒಂದು ಕಾಳು ಸಾಲು ಬಿಟ್ಟು ಬೀಳುತ್ತಿರಲಿಲ್ಲ ಎಂದು ಅಪ್ಪ ಹೇಳುತ್ತಾನೆ.

"ಅಮ್ಮ, ನಿನ್ನ ಕೈ ತೋರಿಸು."

ಎರಡೂವರೆ ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಬಲಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್ ಹಾಕಿದ್ದರು. ಎಲುಬು ಕೂಡಿತು. ಆಮೇಲೆ ಕೆಲಸ ಮಾಡಿಕೊಂಡೇ ಇದ್ದಳು, ನಾವು ಮರೆತೆವು. ಈಗ ಮುಷ್ಟಿ ಕಟ್ಟು ಎಂದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮಡಚಿದವು. ಉಂಗುರದ ಬೆರಳು, ಕಿರುಬೆರಳು ಅರ್ಧಕ್ಕೇ ನಿಂತವು. ಆ ಸಂದಿಯಲ್ಲಿ ನನ್ನ ಎರಡು ಬೆರಳು ಹೋಗುವಷ್ಟು ಜಾಗ ಇತ್ತು.

ಚಿಟಿಕೆಗೆ ಮೂರು ಬೆರಳು ಸಾಕು, ಅದು ಬದಲಾಗಿಲ್ಲ. ಪೆಂಟಿ ಕಲ್ಲಿನಿಂದ ಒಡೆಯುವುದು, ಅದೂ ಬದಲಾಗಿಲ್ಲ. ಹಿಡಿಗೆ ಮಾತ್ರ ಐದೂ ಬೆರಳು ಬೇಕು. ಶೇಂಗಾ, ಎಳ್ಳು ಕಡಿಮೆಯಾಗಿವೆ. ಬೆಲ್ಲ ಇದ್ದಷ್ಟೇ ಇದೆ.

ಇದನ್ನು ಅವಳಿಗೆ ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವಳೇ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಕಿರುಬೆರಳನ್ನು ಎಡಗೈಯಿಂದ ಒತ್ತಿದಳು. "ಇದು ಸೋರತಿತ್ತೇನು?" ಎಂದಳು.

ತಿಳಿದದ್ದೇನೋ ಸರಿ. ಆದರೆ ಹಳೆಯ ಕೈ ಎಲ್ಲಿಂದ ತರುವುದು? ನನ್ನ ಹಿಡಿ ತೂಗಿದೆ, 46. ಅವ್ವನದು 49. ಅಮ್ಮನ ಕೈ ನಮ್ಮಿಬ್ಬರದಕ್ಕಿಂತ ದೊಡ್ಡದು. ಅಂದಾಜಿನಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

"ಮೊದಲು ನೀನು ಕೈಯಿಂದ ಮತ್ತೇನಾದರೂ ಅಳೀತಿದ್ದೇನು ಅಮ್ಮ? ನೆನಪು ಮಾಡ್ಕೋ."

ಅವಳು ತಡಮಾಡಲೇ ಇಲ್ಲ. "ಸಂತಿಯಾಗ ಅಳೀತಿದ್ದೆ. ಸೇರು ಒಂದೇ ಇತ್ತು, ಅದು ನಿಮ್ಮಜ್ಜನ ಕಡೆ ಜ್ವಾಳದ ಚೀಲದಾಗ. ನಾನು ಶೇಂಗಾ ಕೈಲೇ ಕೊಡ್ತಿದ್ದೆ. ಸೇರಿಗೆ ಹನ್ನೆರಡು ಹಿಡಿ. ಯಾರರ ಕಮ್ಮಿ ಐತಿ ಅಂದ್ರ ನಿಮ್ಮಜ್ಜ ಸೇರು ತಂದು ಅವರೆದುರಿಗೇ ಸುರುವ್ತಿದ್ದ. ಕಂಠಕ್ಕ ಬಂದು ನಿಲ್ತಿತ್ತು. ಒಂದು ಸಲಾನೂ ಕಮ್ಮಿ ಬಂದಿಲ್ಲ."

ಸೇರು ಇನ್ನೂ ಇತ್ತು. ದೇವರ ಜಗಲಿಯ ಮೇಲೆ, ತುಂಬ ಅಕ್ಕಿ ಹಾಕಿ ಇಟ್ಟಿದ್ದರು. ಹಿತ್ತಾಳೆಯದು. ಅಮ್ಮ ಕೈಮುಗಿದು ಇಳಿಸಿಕೊಟ್ಟಳು. ಅಕ್ಕಿ ತೆಗೆದು, ಒರೆಸಿ, ಹುರಿದು ಕೇರಿದ ಶೇಂಗಾ ತುಂಬಿದೆ. ನಾನು ಮೇಲೆ ಗೋಪುರದಂತೆ ಹಾಕಲು ಹೋದರೆ ಅವಳು ನನ್ನ ಕೈ ಹಿಡಿದಳು. "ತಲಿ ಬ್ಯಾಡ. ಗೀರು." ಅಂಗೈ ಎಳೆದು ಸಮ ಮಾಡಿದೆ.

638 ಗ್ರಾಂ. ಹನ್ನೆರಡರಿಂದ ಭಾಗಿಸಿದರೆ 53 ಗ್ರಾಂ, ಚೂರು ಮೇಲೆ.

ಆ ಅಂಕಿ ನೋಡುತ್ತಾ ಸುಮ್ನೆ ಕೂತೆ. ನಾನು ಹುಟ್ಟುವ ಮೊದಲು ಸಂತೆಯಲ್ಲಿ ಕೂತಿದ್ದ ಹೆಂಗಸಿನ ಮುಷ್ಟಿ ಅದು. ಹತ್ತು ಹಿಡಿ ಅಂದರೆ 530 ಗ್ರಾಂ. ನಾವು ಹಾಕುತ್ತಿದ್ದದ್ದು 392. ಒಂದು ಕಾಲು ಭಾಗ ಶೇಂಗಾ ಎರಡು ವರ್ಷದಿಂದ ಬೆರಳ ಸಂದಿಯಲ್ಲಿ ಹೋಗಿತ್ತು. ಎಳ್ಳನ್ನೂ ಅದೇ ಲೆಕ್ಕದಲ್ಲಿ ಏರಿಸಿ 39 ಮಾಡಿಕೊಂಡೆ.

ಪುಸ್ತಕದ ಹಳೆಯ ಹಾಳೆ ಹರಿದು ಹೊಸದಾಗಿ ಬರೆದೆ. ಹುರಿದು ಕೇರಿದ ಶೇಂಗಾ 530 ಗ್ರಾಂ. ಬೆಲ್ಲ 500. ಹುರಿದ ಬಿಳಿ ಎಳ್ಳು 39. ಯಾಲಕ್ಕಿ ಪುಡಿ ಎರಡು ಚಿಟಿಕೆ, ಮುಕ್ಕಾಲು ಗ್ರಾಂ. ಉಪ್ಪು ಒಂದು ಚಿಟಿಕೆ, ಅರ್ಧ ಗ್ರಾಂ. ಕಣಕಕ್ಕೆ ಗೋಧಿ ಹಿಟ್ಟು 350, ಚಿರೋಟಿ ರವೆ 100. ನಾದಿ, ಎಣ್ಣೆ ಸವರಿ ಒಂದು ತಾಸು ನೆನೆಯಲಿ. ಹೂರಣ 45 ಗ್ರಾಂನ ಉಂಡೆ, ಕಣಕ 30 ಗ್ರಾಂನದು. ಇಪ್ಪತ್ಮೂರು ಹೋಳಿಗೆ ಆಗುತ್ತವೆ.

ಹೂರಣಕ್ಕೆ ಎಷ್ಟು ನೀರು ಎಂದು ಕೇಳಿದೆ. "ನೀರು ಬೆಲ್ಲಾನ ಕೇಳ್ಬೇಕು," ಎಂದಳು. ಹೊಸ ಬೆಲ್ಲ ಮೆತ್ತಗಿರುತ್ತದೆ, ಅದಕ್ಕೆ ನೀರೇ ಬೇಡ. ಹಳೆಯದು ಒಣಗಿರುತ್ತದೆ, ಅದಕ್ಕೆ ಎರಡು ಚಮಚ ಚಿಮುಕಿಸಬೇಕು. ಉಂಡೆ ಕಟ್ಟಿದರೆ ನಿಲ್ಲಬೇಕು, ಬೆರಳಿನಿಂದ ಒತ್ತಿದರೆ ಬಿರಿಯಬೇಕು. ಅದನ್ನು ಅವಳು ಹೇಳಿದ ಮಾತಿನಲ್ಲೇ ಬರೆದೆ. ಅದಕ್ಕೆ ಗ್ರಾಂ ಹಾಕಿದ್ದರೆ ಸುಳ್ಳಾಗುತ್ತಿತ್ತು.

ಒಳಕಲ್ಲಿನಲ್ಲಿ ನಾನು ಕುಟ್ಟಿದೆ, ಅಮ್ಮ ಲಟ್ಟಿಸಿದಳು. ಲಟ್ಟಣಿಗೆ ಹಿಡಿಯಲು ಆ ಎರಡು ಬೆರಳು ಬೇಕಿಲ್ಲ. ಹೋಳಿಗೆ ಹಂಚಿಗೆ ಬಿತ್ತು. ನಾವು ಮೂವರೂ ಉಸಿರು ಬಿಗಿಹಿಡಿದು ನಿಂತೆವು. ಮೊದಲು ಅಂಚು ಬೆಳ್ಳಗಾಯಿತು. ಆಮೇಲೆ ನಡುವೆ ಸಣ್ಣ ಸಣ್ಣ ಗುಳ್ಳೆ ಎದ್ದವು. ತಿರುವಿ ಹಾಕಿದಾಗ ಕೆಂಪು ಚುಕ್ಕೆ. ಒಂದು ಹನಿ ಬೆಲ್ಲವೂ ಸೋರಲಿಲ್ಲ.

ಅಮ್ಮ ಬಿಸಿಬಿಸಿಯದನ್ನೇ ಮುರಿದು ಬಾಯಿಗಿಟ್ಟಳು. ಕಣ್ಣು ಮುಚ್ಚಿ ಅಗಿದಳು. ನುಂಗಿದ ಮೇಲೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಶೇಂಗಾದ ಘಮ ಬರುವುದನ್ನು ಕಾಯುತ್ತಿದ್ದಳು ಅನ್ನಿಸಿತು ನನಗೆ.

"ಹೂಂ. ಇದು," ಎಂದಳು.

ಆಮೇಲೆ ಮಷಿನ್ ತನ್ನ ಕಡೆ ಎಳೆದುಕೊಂಡು, ಅದರ ಮೇಲೆ ತಾಟು ಇಟ್ಟು, ಇನ್ನೊಂದು ಹದಕ್ಕೆ ಶೇಂಗಾ ಸುರಿಯತೊಡಗಿದಳು. "530 ಆದ್ ಕೂಡ್ಲೆ ಹೇಳು. ನನಗ ಆ ಅಂಕಿ ಕಾಣವಲ್ವು."

ಇಪ್ಪತ್ಮೂರೂ ಆರಿದ ಮೇಲೆ ಎರಡನ್ನು ಬಾಳೆಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು.

"ನಿಮ್ಮ ಚಿಗವ್ವಗ ಕೊಟ್ಟು ಬಾ. ಅಮ್ಮ ಕೊಟ್ಟಾಳ ಅನ್ನು, ಮತ್ತೇನೂ ಹೇಳಬ್ಯಾಡ."