ಮಾರ್ಚ್‌ನಿಂದ ಫೆಬ್ರವರಿವರೆಗೆ: ಯಾವ ಸ್ಕಿನ್‌ಕೇರ್ ಮುಂದಿನ ಶೆಲ್ಫಿಗೆ, ಯಾವುದು ಗೋಡೌನಿಗೆ

ಹಂಪನಕಟ್ಟೆ ಮತ್ತು ಸುರತ್ಕಲ್ ಅಂಗಡಿಗಳ ಕೌಂಟರ್ ಹಾಗೂ ಖರೀದಿ ನೋಡುವವರಿಗೆ

ಕಂಪನಿಗಳ ‘ವಿಂಟರ್ ಸ್ಕೀಮ್’ ಅಕ್ಟೋಬರಿನಲ್ಲೇ ಬರುತ್ತದೆ. ಹುಬ್ಬಳ್ಳಿಗೆ ಅದು ಸರಿ, ಮಂಗಳೂರಿಗೆ ಅಲ್ಲ. ಇಲ್ಲಿ ಅಕ್ಟೋಬರ್ ಅಂದರೆ ಮಳೆ ಕಡಿಮೆಯಾಗಿ ಸೆಕೆ ಮತ್ತೆ ಏರುವ ತಿಂಗಳು. ಹನ್ನೆರಡು ತೆಗೆದುಕೊಂಡರೆ ಎರಡು ಫ್ರೀ ಎಂಬ ಆಸೆಗೆ ಆಗ ಕೋಲ್ಡ್ ಕ್ರೀಮ್ ತುಂಬಿಸಿದರೆ ಅದು ಮುಂದಿನ ಸೆಕೆಗಾಲಕ್ಕೂ ಶೆಲ್ಫಿನಲ್ಲೇ ಇರುತ್ತದೆ. ನಮ್ಮ ಆರ್ಡರ್ ಗಾಳಿಯ ತೇವ ನೋಡಿಕೊಂಡು ನಡೆಯಲಿ.

ಸೆಕೆಗಾಲ (ಮಾರ್ಚ್–ಮೇ)

ಮುಖ್ಯ ಮಾಲು ಜೆಲ್ ಸನ್‌ಸ್ಕ್ರೀನ್: ಎಸ್‌ಪಿಎಫ್ 50, ಬೆವರಿಗೆ ತಡೆಯುವಂಥದ್ದು. ಫೆಬ್ರವರಿ ಮೂರನೇ ವಾರಕ್ಕೆ ಹಂಪನಕಟ್ಟೆಗೆ 60 ಟ್ಯೂಬ್, ಸುರತ್ಕಲ್‌ಗೆ 40. ಅಲ್ಲಿ ಕಾಲೇಜು ಮಕ್ಕಳೇ ಹೆಚ್ಚು, ಸಣ್ಣ ಟ್ಯೂಬ್ ಜಾಸ್ತಿ ಇರಲಿ. ಕ್ರೀಮ್ ರೂಪದ್ದು ಹತ್ತು ಸಾಕು.

‘ಹಚ್ಚಿದರೂ ಕಪ್ಪಾದೆ’ ಎಂಬ ದೂರಿಗೆ ಸಾಮಾನ್ಯ ಕಾರಣ ಹಚ್ಚುವುದು ಕಡಿಮೆಯಾಗಿರುವುದು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದು ತೋರಿಸಿ; ಮುಖ, ಕುತ್ತಿಗೆಗೆ ಅಷ್ಟು ಬೇಕು. ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಈ ಲೆಕ್ಕದಲ್ಲಿ 50 ಗ್ರಾಂ ಟ್ಯೂಬ್ ದಿನಕ್ಕೆ ಒಂದು ಸಲಕ್ಕೆ ಸುಮಾರು 40 ದಿನ, ಎರಡು ಸಲಕ್ಕೆ 20 ದಿನ. ನಾಲ್ಕು ತಿಂಗಳು ಬಂತು ಎಂದು ಹೊಗಳುವ ಗಿರಾಕಿ ಸರಿಯಾಗಿ ಹಚ್ಚಿಲ್ಲ ಎಂದೇ ಅರ್ಥ. ಬೆವರು ಇಳಿದು ಕಣ್ಣು ಉರಿಯುತ್ತದೆ ಎಂದವರಿಗೆ ಕಣ್ಣಿನ ಸುತ್ತ ಜಿಂಕ್ ಆಕ್ಸೈಡ್ ಸ್ಟಿಕ್ ಕೊಡಿ. ಟ್ಯೂಬನ್ನು ಸ್ಕೂಟರ್ ಡಿಕ್ಕಿಯಲ್ಲಿ ಇಡಬೇಡಿ ಎಂದೂ ಹೇಳಿ; ಆ ಬಿಸಿಗೆ ಒಳಗಿನದು ಒಡೆದು ನೀರಾಗುತ್ತದೆ, ಟ್ಯೂಬ್ ವಾಪಸು ನಮ್ಮ ಕೌಂಟರಿಗೇ ಬರುತ್ತದೆ.

ಬೆವರುಸಾಲೆಗೆ ಕ್ಯಾಲಮೈನ್ ಲೋಷನ್, ಎಣ್ಣೆ ಮುಖಕ್ಕೆ ಸ್ಯಾಲಿಸಿಲಿಕ್ ಆಸಿಡ್ ಫೇಸ್‌ವಾಶ್. ಏಪ್ರಿಲ್–ಮೇ ಮದುವೆಯ ಕಾಲ. ಮದುವೆಗೆ ವಾರ ಇರುವಾಗ ಬರುವ ಹುಡುಗಿಗೆ ಹೊಸ ಆಸಿಡ್ ಸೀರಮ್ ಮಾರಬೇಡಿ, ಮುಖ ಕೆಂಪಾಗಿ ಸಿಪ್ಪೆ ಏಳಬಹುದು. ಹೊಸದನ್ನು ಶುರುಮಾಡಲು ಕನಿಷ್ಠ ಆರು ವಾರ ಮುಂಚೆ ಬರಬೇಕು.

ಮಳೆಗಾಲ (ಜೂನ್–ಸೆಪ್ಟೆಂಬರ್)

ಈಗ ಮುಖಕ್ಕಿಂತ ಕಾಲು ಮುಖ್ಯ. ಒದ್ದೆ ಶೂ, ಒಣಗದ ಒಳಬಟ್ಟೆ. ಬೆರಳ ಸಂದಿ ಬೆಳ್ಳಗಾಗಿ ಸಿಪ್ಪೆ ಏಳುತ್ತದೆ, ತೊಡೆಸಂದಿಯಲ್ಲಿ ಹುಳುಕಡ್ಡಿ. ಕ್ಲೋಟ್ರಿಮಜೋಲ್ ಪೌಡರ್, ಕ್ರೀಮ್ ಎರಡೂ ಮೇ 20ರೊಳಗೆ ಮೆಡಿಕಲ್ ಕೌಂಟರಿನ ಕಣ್ಣಳತೆಗೆ ಬರಲಿ. ತುರಿಕೆ ನಿಂತ ತಕ್ಷಣ ಬಿಟ್ಟರೆ ಮತ್ತೆ ಬರುತ್ತದೆ. ಚೀಟಿಯಲ್ಲಿ ಬರೆದಷ್ಟು ವಾರ ಹಚ್ಚಬೇಕು. ಸ್ಟೀರಾಯ್ಡ್ ಬೆರೆತ ಕ್ರೀಮನ್ನು ಹೆಸರು ಹಿಡಿದು ಕೇಳಿದರೂ ಡಾಕ್ಟರ್ ಚೀಟಿಯಿಲ್ಲದೆ ಕೊಡಬಾರದು. ಎರಡು ದಿನ ತುರಿಕೆ ಅಡಗುತ್ತದೆ, ಸೋಂಕು ಒಳಗೊಳಗೇ ಹರಡುತ್ತದೆ. ಈ ಮಾರಾಟ ಕೈತಪ್ಪಿದರೆ ತಪ್ಪಲಿ.

ಸನ್‌ಸ್ಕ್ರೀನ್ ಅರ್ಧಕ್ಕೆ ಇಳಿಸಿ, ತೆಗೆಯಬೇಡಿ. ಮೋಡವಿದ್ದರೂ ಅಲ್ಟ್ರಾವಯಲೆಟ್ ಕಿರಣ ಬರುತ್ತದೆ. ಆಟಿಯಲ್ಲಿ ಮದುವೆ ಇಲ್ಲ, ಬ್ರೈಡಲ್ ಕಿಟ್ ಒಳಗಿಡಿ. ಚೌತಿಗೆ ಒಂದು ವಾರ ಮೊದಲು ಹೊರಗೆ.

ಗೋಡೌನಿನಲ್ಲಿ ಪೆಟ್ಟಿಗೆಗಳು ನೆಲಕ್ಕೂ ಗೋಡೆಗೂ ತಾಗಬಾರದು. ಕಳೆದ ಮಳೆಗಾಲದಲ್ಲಿ ಬೂಸಲು ಬಂದ ರಟ್ಟಿನ ಪೆಟ್ಟಿಗೆಗಳೆಲ್ಲ ಗೋಡೆಗೆ ಒತ್ತಿದ್ದವೇ. ಪೌಡರ್ ಟೆಸ್ಟರ್ ಗಂಟು ಕಟ್ಟಿದರೆ ಎಸೆಯಿರಿ. ಕಂದುಬಣ್ಣಕ್ಕೆ ತಿರುಗಿದ ವಿಟಮಿನ್ ಸಿ ಸೀರಮ್ ಡಿಸ್ಕೌಂಟಿಗೂ ಇಡಬೇಡಿ.

ಚಳಿಗಾಲ (ಡಿಸೆಂಬರ್ ಮಧ್ಯ–ಫೆಬ್ರವರಿ ಮೊದಲ ವಾರ)

ನಮ್ಮ ಚಳಿ ಬೆಳಗಿನದು. ಘಟ್ಟದ ಕಡೆಯಿಂದ ಒಣ ಗಾಳಿ ಬೀಸಿ ತುಟಿ, ಮೊಣಕಾಲ ಕೆಳಗಿನ ಚರ್ಮ ಬಿಗಿಯುತ್ತದೆ. ಮಧ್ಯಾಹ್ನ ಅದೇ ಮುಖದಲ್ಲಿ ಬೆವರು. ದಪ್ಪ ಕೋಲ್ಡ್ ಕ್ರೀಮ್ ಹಚ್ಚಿದವರು ಮೊಡವೆ ಎಂದು ವಾಪಸು ಬರುವುದು ಇದರಿಂದಲೇ. ಮುಖಕ್ಕೆ ಜೆಲ್ ಮಾಯಿಶ್ಚರೈಸರ್, ಮೈಗೆ ಲೋಷನ್: ಎರಡನ್ನೂ ಬೇರೆಬೇರೆಯಾಗಿ ಮಾರಿ. ಹಿಮ್ಮಡಿ ಒಡಕಿಗೆ ಯೂರಿಯಾ 10% ಕ್ರೀಮ್ ರಾತ್ರಿ, ಮೇಲೆ ಕಾಟನ್ ಸಾಕ್ಸ್. ಒಡೆದು ರಕ್ತ ಬರುತ್ತಿದ್ದರೆ ಯೂರಿಯಾ ಉರಿಯುತ್ತದೆ, ಆಗ ಪೆಟ್ರೋಲಿಯಂ ಜೆಲ್ಲಿ. ಸಕ್ಕರೆ ಕಾಯಿಲೆ ಇದ್ದವರ ಕಾಲಿನ ಒಡಕನ್ನು ಡಾಕ್ಟರ್ ನೋಡಬೇಕು.

ಹಂಡೆಯ ಸುಡುನೀರಲ್ಲಿ ಮೀಯುವ ಅಜ್ಜ–ಅಜ್ಜಿಯರ ಕಾಲು ತುರಿಕೆಗೆ ಉಗುರುಬೆಚ್ಚಗಿನ ನೀರು, ಮೈ ಒರೆಸಿದ ಕೂಡಲೇ ಲೋಷನ್. ತೆಂಗಿನೆಣ್ಣೆ ಮನೆಯಲ್ಲೇ ಇದೆ ಎಂದರೆ ವಾದ ಬೇಡ, ಮೈಗೆ ಅದು ಚೆನ್ನಾಗಿಯೇ ಆಗುತ್ತದೆ. ಮೊಡವೆಯ ಮುಖಕ್ಕೆ ಮಾತ್ರ ಬೇಡ ಎನ್ನಿ.

ದಪ್ಪ ಕ್ರೀಮ್ ಒಂದೊಂದು ಅಂಗಡಿಗೆ ಒಂದು ಡಜನ್ ಸಾಕು, ಬೆಂಗಳೂರು, ಚಿಕ್ಕಮಗಳೂರಿಗೆ ಹೋಗುವವರಿಗೆ. ನವೆಂಬರ್ 25ಕ್ಕೆ ಆರ್ಡರ್. ಜನವರಿ 20ರ ನಂತರ ಹೊಸದಾಗಿ ತರಿಸಬೇಡಿ. ಉಳಿದದ್ದನ್ನು ಫೆಬ್ರವರಿ 10ರೊಳಗೆ ಏಜೆನ್ಸಿಗೆ ವಾಪಸು ಕಳಿಸಿ, ಅದೇ ಗಾಡಿಯಲ್ಲಿ ಸನ್‌ಸ್ಕ್ರೀನಿನ ಮೊದಲ ಲಾಟ್ ಇಳಿಸಿಕೊಳ್ಳಿ.