ಪಿಎಚ್‌ಡಿ ಬಿಡುವ ಬಗ್ಗೆ ಸಂಶೋಧನಾ ಸಮಿತಿಗೆ ಪತ್ರ

ಸಂಶೋಧನಾ ಸಮಿತಿಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ವಿಷಯ: ಪಿಎಚ್‌ಡಿ ನೋಂದಣಿ ರದ್ದು ಮಾಡಲು ಕೋರಿಕೆ

ಮಾನ್ಯರೇ,

ಮೂರು ವರ್ಷಗಳಿಂದ ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆ ಮಾಡುತ್ತಿರುವ ನಾನು, ಈ ತಿಂಗಳ 30ಕ್ಕೆ ಪಿಎಚ್‌ಡಿ ಬಿಡಲು ತೀರ್ಮಾನಿಸಿದ್ದೇನೆ. ಅಮ್ಮನ ಆರೈಕೆ ಈಗ ಪೂರ್ತಿ ನನ್ನ ಮೇಲಿದೆ. ಆರು ತಿಂಗಳು ರಜೆ ಪಡೆದು ನೋಡಿದೆ, ಎರಡನ್ನೂ ನಿಭಾಯಿಸಲು ಆಗಲಿಲ್ಲ. ಸುಮ್ನೆ ಹೆಸರಿಗಷ್ಟೇ ವಿದ್ಯಾರ್ಥಿನಿಯಾಗಿ ಉಳಿಯಲು ಮನಸ್ಸು ಒಪ್ಪುತ್ತಿಲ್ಲ. ಮಾರ್ಗದರ್ಶಕರ ಜೊತೆ ಮಾತಾಡಿದ್ದೇನೆ. ಅವರಿಗೆ ಬೇಸರವಾಯಿತು, ಆದರೂ ಒಪ್ಪಿದರು.

ಲ್ಯಾಬ್ ನೋಟ್‌ಬುಕ್, ಡೇಟಾ, ಫ್ರೀಜರಿನಲ್ಲಿರುವ 46 ಮಾದರಿಗಳ ಪಟ್ಟಿ ಎಲ್ಲವನ್ನೂ 25ರೊಳಗೆ ಒಪ್ಪಿಸುತ್ತೇನೆ. ಅರ್ಧವಾಗಿರುವ ಲೇಖನವನ್ನು ಲ್ಯಾಬಿನ ಗೆಳೆಯರು ಮುಂದುವರಿಸಲಿ, ಅದು ನಿಲ್ಲಬಾರದು.

ಫೆಲೋಶಿಪ್ ಅನ್ನು 30ಕ್ಕೆ ನಿಲ್ಲಿಸಿ, ಕೋರ್ಸ್‌ವರ್ಕ್ ಅಂಕಪಟ್ಟಿ ಮತ್ತು ಬಿಡುಗಡೆ ಪತ್ರ ಕೊಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಪ್ರತಿ ಪರಿಶೀಲನಾ ಸಭೆಯಲ್ಲೂ ನನ್ನ ಕೆಲಸವನ್ನು ತಾಳ್ಮೆಯಿಂದ ತಿದ್ದಿದ್ದೀರಿ. ಅದಕ್ಕೆ ನಾನು ಋಣಿ.

ಇಂತಿ ನಿಮ್ಮ ವಿಶ್ವಾಸಿ,
ಸಂಶೋಧನಾ ವಿದ್ಯಾರ್ಥಿನಿ, ಸೂಕ್ಷ್ಮಜೀವಶಾಸ್ತ್ರ ವಿಭಾಗ